ಬ್ಲೂ ಟಿಕ್ ಬಿದ್ದ ಮೇಲೆ

ಫೆಬ್ರವರಿಯ ಒಂದು ಭಾನುವಾರ ಸಂಜೆ 6:40ಕ್ಕೆ ಮಡಿಕೇರಿಯ ನನ್ನ ಬಾಡಿಗೆ ರೂಮಿನಿಂದ ಅವಳಿಗೆ ಒಂದು ಮೆಸೇಜ್ ಹಾಕಿದೆ. ನಮಗೆ ನಿಶ್ಚಿತಾರ್ಥವಾಗಿ ಆಗ ಎರಡು ತಿಂಗಳು. ಅವತ್ತು ಮಧ್ಯಾಹ್ನ ಅಮ್ಮತ್ತಿ ಹತ್ತಿರದ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಊಟದ ನಡುವೆ ಅವಳ ದೊಡ್ಡಪ್ಪ, ‘ಕಾಲೇಜಿನ ಕೆಲಸ ಪರ್ಮನೆಂಟ್ ಯಾವಾಗ ಆಗ್ತದೆ?’ ಎಂದು ಕೇಳಿದರು. ‘ಆದಾಗ ಆಗ್ತದೆ’ ಎಂದು ಸ್ವಲ್ಪ ಗಡುಸಾಗಿಯೇ ಹೇಳಿಬಿಟ್ಟೆ. ಬಸ್ಸಿನಲ್ಲಿ ವಾಪಸ್ ಬರುವಾಗಲೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ರೂಮಿಗೆ ಬಂದವನೇ ಬರೆದೆ: ‘ಇವತ್ತು ದೊಡ್ಡಪ್ಪನ ಹತ್ರ ನಾನು ಹಾಗೆ ಹೇಳಿದ್ದು ತಪ್ಪಾಯ್ತಾ? ಅವರಿಗೆ ಬೇಜಾರಾಗಿದೆ ಅಂತ ಅನ್ನಿಸ್ತಾ ಉಂಟು. ನಿನಗೂ ಆಗಿದ್ರೆ ಹೇಳು, ಮನಸ್ಸಲ್ಲೇ ಇಟ್ಕೊಳ್ಬೇಡ.’

ಹನ್ನೆರಡು ನಿಮಿಷ ಒಂದೇ ಟಿಕ್. 6:52ಕ್ಕೆ ಎರಡಾಯಿತು. 7:05ಕ್ಕೆ ಎರಡೂ ನೀಲಿಯಾದವು. ಓದಿದಳು. ಚಹಾಕ್ಕೆ ನೀರಿಟ್ಟು ಬಂದು ನೋಡಿದೆ, ಉತ್ತರ ಇಲ್ಲ. 7:30ಕ್ಕೆ ಅವಳ ಹೆಸರಿನ ಕೆಳಗೆ ‘ಆನ್‌ಲೈನ್’ ಎಂದು ಬಂತು. ನನಗಾಗಿ ಬರೆಯುತ್ತಿದ್ದಾಳೆ ಎಂದುಕೊಂಡು ಪರದೆಯನ್ನೇ ನೋಡುತ್ತಾ ಕೂತೆ. ಐದು ನಿಮಿಷಕ್ಕೆ ಅದೂ ಹೋಯಿತು.

8:15ಕ್ಕೆ ‘ಬ್ಯುಸಿನಾ?’ ಎಂದು ಹಾಕಿದೆ. 8:40ಕ್ಕೆ ‘ಪರವಾಗಿಲ್ಲ ಬಿಡು.’ 9:20ಕ್ಕೆ ಫೋನ್ ಮಾಡಿದೆ, ಪೂರ್ತಿ ರಿಂಗಾಗಿ ಕಟ್ಟಾಯಿತು. 9:50ಕ್ಕೆ ‘ನಂಗೆ ಅರ್ಥ ಆಯ್ತು’ ಎಂದು ಬರೆದೆ. ನನಗೆ ಏನು ಅರ್ಥವಾಗಿತ್ತು ಎಂದು ಆಗ ಯಾರಾದರೂ ಕೇಳಿದ್ದರೆ ತಡವರಿಸದೆ ಹೇಳುತ್ತಿದ್ದೆ. ದೊಡ್ಡಪ್ಪ ಏನೋ ಅಂದಿದ್ದಾರೆ, ಮನೆಯಲ್ಲಿ ಮಾತುಕತೆ ನಡೆಯುತ್ತಿದೆ, ಇವಳಿಗೆ ನನ್ನನ್ನು ಒಪ್ಪಿಕೊಂಡಿದ್ದು ತಪ್ಪಾಯಿತು ಎಂದು ಈಗ ಅನ್ನಿಸುತ್ತಿದೆ, ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದಾಳೆ. ಇದು ನನಗೆ ಅನುಮಾನವಾಗಿ ಕಂಡಿರಲಿಲ್ಲ, ಕಣ್ಣಾರೆ ಕಂಡ ಸಂಗತಿಯಷ್ಟು ಗಟ್ಟಿಯಾಗಿತ್ತು. ಹೊಟ್ಟೆಯಲ್ಲಿ ಕಲ್ಲು ಕೂತಂತಿತ್ತು, ಚಹಾ ಕುದ್ದು ಕುದ್ದು ಬತ್ತಿಹೋಗಿತ್ತು.

11:10ಕ್ಕೆ ಉತ್ತರ ಬಂತು. ‘ಪೈಪ್ ಕಿತ್ತು ಹೋಗಿತ್ತು. ಈಗ ಮನೆಗೆ ಬಂದೆ. ನಾಳೆ ಮಾತಾಡುವ.’

ನಾಲ್ಕೂವರೆ ಗಂಟೆಯಿಂದ ಕಾಯುತ್ತಿದ್ದದ್ದು ಕೈಗೆ ಬಂದಿತ್ತು. ನಾನು ಅದನ್ನು ತೆರೆಯಲಿಲ್ಲ. ಮೇಲಿನ ನೋಟಿಫಿಕೇಶನ್‌ನಲ್ಲೇ ಪೂರ್ತಿ ಓದಿ, ನೀಲಿ ಬೀಳದ ಹಾಗೆ ಫೋನನ್ನು ಮಗುಚಿಟ್ಟೆ. ನಲವತ್ತು ನಿಮಿಷ ಗೋಡೆ ನೋಡಿಕೊಂಡು ಮಲಗಿದ್ದು, 11:50ಕ್ಕೆ ಒಂದು ಪದ ಹಾಕಿದೆ: ‘ಸರಿ.’

ಇಷ್ಟು ವರ್ಷಗಳಾದ ಮೇಲೆ ಆ ಸಂಜೆಯನ್ನು ನೆನೆದರೆ ನನ್ನನ್ನು ಕಾಡುವುದು ಆ ಕೊನೆಯ ನಲವತ್ತು ನಿಮಿಷ. ಕಾಯುವಾಗ ಕಷ್ಟಪಟ್ಟೆ, ಅದು ನನ್ನ ಕೈಮೀರಿದ್ದು. ಆದರೆ ಬಯಸಿದ್ದು ಬಂದಾಗ ಅದನ್ನು ದೂರ ತಳ್ಳಿದ್ದು ಯಾಕೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಕ್ಕಳ ಬಗ್ಗೆ ಓದುವಾಗ. ಮಗು ಮತ್ತು ಸಾಕುವವರ ನಡುವಿನ ನಂಟನ್ನು ಸಿದ್ಧಾಂತವಾಗಿ ಕಟ್ಟಿದವರು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡಾದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮಕ್ಕಳನ್ನು ಹತ್ತಿರದಿಂದ ಗಮನಿಸಿದರು. ಬಾಲ್ಟಿಮೋರ್‌ನಲ್ಲಿ ಅವರು ಮಾಡಿದ ಪ್ರಯೋಗ ಇಪ್ಪತ್ತು ನಿಮಿಷದ್ದು. ಸುಮಾರು ಒಂದು ವರ್ಷದ ಮಗು, ಆಟದ ಸಾಮಾನಿರುವ ಕೋಣೆ. ಅಮ್ಮ ಸ್ವಲ್ಪ ಹೊತ್ತು ಇದ್ದು ಹೊರಗೆ ಹೋಗುತ್ತಾಳೆ, ಬರುತ್ತಾಳೆ, ಇನ್ನೊಮ್ಮೆ ಹೋಗಿ ಬರುತ್ತಾಳೆ. ಅಮ್ಮ ಹೋದಾಗ ಮಗು ಎಷ್ಟು ಅಳುತ್ತದೆ ಎನ್ನುವುದೇ ಮುಖ್ಯ ಇರಬೇಕು ಎಂದು ನಾನು ಅಂದುಕೊಂಡಿದ್ದೆ. ಆದರೆ ಐನ್ಸ್‌ವರ್ತ್ ಮಕ್ಕಳನ್ನು ಗುಂಪು ಮಾಡಿದ್ದು ಬಹುಪಾಲು ಅಮ್ಮ ವಾಪಸ್ ಬಂದ ಕ್ಷಣವನ್ನು ನೋಡಿ. ಹೆಚ್ಚಿನ ಮಕ್ಕಳು ಎತ್ತಿಕೊಂಡ ಮೇಲೆ ಸಮಾಧಾನವಾಗಿ ಮತ್ತೆ ಆಟಕ್ಕೆ ಹೋಗುತ್ತಿದ್ದವು. ಕೆಲವು ಮಕ್ಕಳು ಅಮ್ಮ ಬಂದದ್ದನ್ನೇ ಗಮನಿಸದಂತೆ ಇರುತ್ತಿದ್ದವು. ಇನ್ನು ಕೆಲವು ಎತ್ತಿಕೋ ಎಂದು ಕೈ ಚಾಚುತ್ತಿದ್ದವು, ಎತ್ತಿಕೊಂಡರೆ ಸಿಟ್ಟಿನಿಂದ ಒದ್ದಾಡಿ ಜಾರುತ್ತಿದ್ದವು, ಇಳಿಸಿದರೆ ಮತ್ತೆ ಅಳುತ್ತಿದ್ದವು.

ಆ ಮೂರನೆಯ ಮಗುವಿನ ವರ್ಣನೆ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಗುಚಿಟ್ಟ ಫೋನು ಕಣ್ಣೆದುರಿಗೆ ಬಂತು.

1987ರಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಎಂಬ ಇಬ್ಬರು ಸಂಶೋಧಕರು ಇದೇ ನಂಟಿನ ಬಗೆಗಳು ದೊಡ್ಡವರ ಪ್ರೀತಿಯಲ್ಲೂ ಕಾಣುತ್ತವೆ ಎಂದು ಪ್ರಕಟಿಸಿದರು. ಬೇಕಾದವರು ಬಿಟ್ಟುಹೋಗುತ್ತಾರೆ ಎಂಬ ಆತಂಕ ಬೆರೆತ ನಂಟಿಗೆ ಆಂಕ್ಷಿಯಸ್ ಅಟ್ಯಾಚ್‌ಮೆಂಟ್ ಎನ್ನುತ್ತಾರೆ, ದೊಡ್ಡವರ ಬಗ್ಗೆ ಈಗ ಎಲ್ಲರ ಬಾಯಲ್ಲೂ ಆ ಮಾತು ಬರಲು ದಾರಿಯಾದದ್ದು ಅದು. ಅದು ಕಾಯಿಲೆಯ ಹೆಸರಲ್ಲ. ಯಾರಲ್ಲಿ ಎಷ್ಟು ಎಂದು ಅಳೆಯುವ ಗುಣ ಅದು, ಕೆಲವರಲ್ಲಿ ಸ್ವಲ್ಪ, ಕೆಲವರಲ್ಲಿ ಜಾಸ್ತಿ. ಬಾಲ್ಯಕ್ಕೂ ಅದಕ್ಕೂ ಸಂಬಂಧ ಇದ್ದೀತು, ಆದರೆ ಬಾಲ್ಯದ್ದೇ ಹಣೆಬರಹ ಎನ್ನುವಂತೆ ಇಲ್ಲ, ಬದಲಾಗುತ್ತದೆ. ನನ್ನ ಅಪ್ಪ ಟಿಂಬರ್ ಲಾರಿ ಓಡಿಸುತ್ತಿದ್ದವರು. ಮಳೆಗಾಲದ ರಾತ್ರಿಗಳಲ್ಲಿ ಅವ್ವ ಚಿಲಕ ಹಾಕದೆ, ತಿರುವಿನಲ್ಲಿ ಲಾರಿಯ ಗೇರು ಬದಲಾಗುವ ಸದ್ದಿಗೆ ಕಿವಿಕೊಟ್ಟು ಕೂರುತ್ತಿದ್ದಳು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಅಪ್ಪ ಬಂದ ಕೂಡಲೇ ಅವ್ವ ಅವರ ಮುಖ ನೋಡದೆ ಒಳಗೆ ಹೋಗಿ ಅನ್ನ ಬಿಸಿ ಮಾಡಲು ಶುರು ಮಾಡುತ್ತಿದ್ದಳು. ಇದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಕಾಯುವುದನ್ನೂ, ಬಂದವರ ಮೇಲೆ ಮುನಿಯುವುದನ್ನೂ ನಾನು ಮೊದಲು ನೋಡಿದ್ದು ಆ ಜಗಲಿಯಲ್ಲಿ.

ಈಗ ಅವಳ ಕಡೆಯ ಆ ಸಂಜೆ. ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುವವಳು ಅವಳೇ. ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿ ತೋಟಕ್ಕೆ ಹೂವಿನ ನೀರು ಕೊಡುವ ಕಾಲ. ಕೆರೆಯ ಪಂಪು ಓಡುತ್ತಿರುತ್ತದೆ, ಸ್ಪ್ರಿಂಕ್ಲರ್ ಒಂದು ಜಾಗದಲ್ಲಿ ಕೆಲವು ಗಂಟೆ ತಿರುಗಿದ ಮೇಲೆ ಪೈಪನ್ನು ಬಿಚ್ಚಿ ಮುಂದಿನ ಜಾಗಕ್ಕೆ ಒಯ್ದು ಜೋಡಿಸಬೇಕು. ಹಗಲು ರಾತ್ರಿ ಇದೇ ಕೆಲಸ. ನೀರು ಅರ್ಧಕ್ಕೆ ನಿಂತರೆ ಹೂ ಸರಿಯಾಗಿ ಬಿಡುವುದಿಲ್ಲ, ಮುಂದಿನ ವರ್ಷದ ಕಾಯಿಗೇ ಪೆಟ್ಟು. ಫೋನು ಜೀಪಿನಲ್ಲಿರುತ್ತದೆ. ತಗ್ಗಿನಲ್ಲಿ ಸಿಗ್ನಲ್ ಇಲ್ಲ, ದಿಣ್ಣೆ ಹತ್ತಿದರೆ ಬರುತ್ತದೆ.

ಹಾಗಾಗಿ 6:52ರ ಎರಡು ಟಿಕ್ ಎಂದರೆ ಜೀಪು ದಿಣ್ಣೆ ಹತ್ತಿತು ಎಂದಷ್ಟೇ. 7:05ಕ್ಕೆ ಅವಳು ಮೆಸೇಜ್ ತೆರೆದು ಓದಿದ್ದಳು. ‘ಇದಕ್ಕೆ ಒಂದು ಸಾಲಲ್ಲಿ ಉತ್ತರ ಕೊಟ್ರೆ ಚಂದ ಅಲ್ಲ, ಮನೆಗೆ ಹೋಗಿ ಸರಿಯಾಗಿ ಬರೀತೇನೆ’ ಎಂದುಕೊಂಡಳು. 7:30ಕ್ಕೆ ಅವಳು ಆನ್‌ಲೈನ್ ಬಂದದ್ದು ಊರಿನ ಆನೆ ಗ್ರೂಪ್ ನೋಡಲು. ಪಕ್ಕದ ತೋಟದ ಕೆರೆ ಹತ್ತಿರ ಹಿಂಡು ಇದೆ ಎಂದು ಯಾರೋ ಹಾಕಿದ್ದರು. ಪೈಪ್ ಬದಲಿಸಲು ಹೊರಟಿದ್ದವರನ್ನು ಅವಳು ಹಿಂದೆ ಕರೆಸಬೇಕಾಯಿತು. ಆನೆ ದಾಟಿ ಹೋದ ಮೇಲೆ ನೋಡಿದರೆ ಪೈಪಿನ ಒಂದು ಜೋಡು ಕಿತ್ತು ಬಂದು ನೀರೆಲ್ಲ ಒಂದೇ ಕಡೆ ಹರಿಯುತ್ತಿತ್ತು. ಟಾರ್ಚ್ ಹಿಡಿದು ಅದನ್ನು ಸರಿಮಾಡಿಸುವಷ್ಟರಲ್ಲಿ ಹತ್ತು ಗಂಟೆ.

ಇಷ್ಟನ್ನು ಮರುದಿನ ಫೋನಿನಲ್ಲಿ ಹೇಳಿದಳು. ಅದನ್ನು ಕೇಳಿ ನನಗೆ ನಾಚಿಕೆಯಾಯಿತು. ಆದರೆ ನನ್ನನ್ನು ನಿಜಕ್ಕೂ ಅಲುಗಿಸಿದ್ದು ಅವಳು ಕೊನೆಗೆ ಹೇಳಿದ ಮಾತು: ‘ಹತ್ತು ಗಂಟೆಗೆ ಫೋನ್ ನೋಡಿದೆ. ನಿನ್ನ ಅಷ್ಟು ಮೆಸೇಜು, ಮಿಸ್ಡ್ ಕಾಲು. ಏನು ಬರೆದ್ರೂ ತಪ್ಪಾಗ್ತದೆ ಅನ್ನಿಸ್ತು. ಒಂದು ಗಂಟೆ ಹಾಗೇ ಕೈಯಲ್ಲಿ ಹಿಡ್ಕೊಂಡಿದ್ದೆ.’

ಆ ರಾತ್ರಿಯ ತಡದಲ್ಲಿ ಒಂದು ಗಂಟೆ ಪೈಪಿನದೂ ಅಲ್ಲ, ಆನೆಯದೂ ಅಲ್ಲ, ನಾನೇ ಮಾಡಿದ್ದು. ‘ಪರವಾಗಿಲ್ಲ ಬಿಡು’ ಎಂಬ ಮಾತಿನ ಒಳಗೆ ಏನಿದೆ ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ನಾನು ಹೆದರಿ ಒತ್ತಿದಷ್ಟೂ ಅವಳು ಹೆದರಿ ಹಿಂದೆ ಸರಿದಳು. ಅವಳು ಸರಿದದ್ದು ನನಗೆ ಮೊದಲೇ ಅಂದುಕೊಂಡಿದ್ದಕ್ಕೆ ಸಾಕ್ಷಿಯಾಗಿ ಕಂಡಿತು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಅದೇ ಫೋನಿನಲ್ಲಿ. ‘ಊಟ ಆಯ್ತಾ?’ ಎಂದು ಕೇಳಿದರೆ ಅವಳು ನಿಮಿಷದೊಳಗೆ ‘ಹೂಂ’ ಎನ್ನುತ್ತಾಳೆ. ಮನಸ್ಸು ಬಿಚ್ಚಿ ಉದ್ದಕ್ಕೆ ಬರೆದರೆ ಗಂಟೆಗಟ್ಟಲೆ ಸುಮ್ಮನಿರುತ್ತಾಳೆ. ಮುಖ್ಯವಾದದ್ದಕ್ಕೇ ಬೆಲೆ ಕೊಡುವುದಿಲ್ಲ ಎಂದು ನಾನು ಎಷ್ಟೋ ಸಲ ನೊಂದಿದ್ದೆ. ಅವಳ ಲೆಕ್ಕ ಉಲ್ಟಾ ಇತ್ತು. ಮುಖ್ಯವಾದದ್ದಕ್ಕೆ ಪುರುಸೊತ್ತಿನಲ್ಲಿ ಕೂತು ಬರೆಯಬೇಕು, ಗಡಿಬಿಡಿಯಲ್ಲಿ ಬರೆದರೆ ಮರ್ಯಾದೆ ಅಲ್ಲ. ಅವಳಿಗೆ ಮೆಸೇಜ್ ಎಂದರೆ ಹಳೆಯ ಕಾಗದದ ಹಾಗೆ, ಓದಿ ಎತ್ತಿಟ್ಟು, ಸಮಯ ಸಿಕ್ಕಾಗ ಉತ್ತರ ಬರೆಯುವಂಥದ್ದು. ನನಗೆ ಅದು ಎದುರಿಗೆ ಕೂತು ಆಡುವ ಮಾತು. ಎದುರಿಗೆ ಕೂತವರು ಪ್ರಶ್ನೆ ಕೇಳಿಸಿಕೊಂಡು ಮೂರು ಗಂಟೆ ಬಾಯಿ ಬಿಡದಿದ್ದರೆ ಯಾರಿಗಾದರೂ ಭಯವಾಗುತ್ತದೆ. ಇಬ್ಬರದೂ ತಪ್ಪಿಲ್ಲದ ಅಭ್ಯಾಸ, ಒಂದೇ ಪರದೆಯಲ್ಲಿ ಸೇರಿದಾಗ ಕೆಡುತ್ತದೆ.

ಆಮೇಲೆ ನಾವು ಮಾಡಿದ್ದರಲ್ಲಿ ಕೆಲವು ಕೆಲಸಕ್ಕೆ ಬರಲಿಲ್ಲ. ಮೊದಲು ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಎಂದು ನಾನೇ ನಿಯಮ ಮಾಡಿದೆ, ಅವಳು ಪಾಪ ಒಪ್ಪಿಕೊಂಡಳು. ಆರು ದಿನ ನಡೆಯಿತು. ಗಡುವು ಇಟ್ಟ ಮೇಲೆ ಐವತ್ತನೇ ನಿಮಿಷಕ್ಕೆ ನನ್ನ ಎದೆ ಬಡಿಯಲು ಶುರುವಾಗುತ್ತಿತ್ತು, ಅರವತ್ತೊಂದನೇ ನಿಮಿಷ ಮಾತು ತಪ್ಪಿದ್ದಕ್ಕೆ ಪುರಾವೆಯಾಗುತ್ತಿತ್ತು. ಅವಳಿಗೋ ನನ್ನ ಹೆಸರು ಕಂಡರೆ ಹಾಜರಿ ಹಾಕಿದ ಹಾಗೆ. ಆಮೇಲೆ ಇಬ್ಬರೂ ರೀಡ್ ರಿಸೀಟ್ಸ್ ಆಫ್ ಮಾಡಿ ನೋಡಿದೆವು. ನೀಲಿ ಟಿಕ್ ಹೋಯಿತು, ನನ್ನ ಕಣ್ಣು ಲಾಸ್ಟ್ ಸೀನ್‌ಗೆ ಹೋಯಿತು. ಅದನ್ನೂ ಮುಚ್ಚಿದರೆ ಅವಳು ಸ್ಟೇಟಸ್ ಹಾಕಿದ ಹೊತ್ತು ನೋಡುತ್ತಿದ್ದೆ. ಸುಳಿವು ಹುಡುಕುವ ಮನಸ್ಸಿಗೆ ಒಂದು ಕಿಟಕಿ ಮುಚ್ಚಿದರೆ ಇನ್ನೊಂದು ಸಿಗುತ್ತದೆ.

ಕೆಲಸಕ್ಕೆ ಬಂದದ್ದು ಒಂದು ನೂರು ಪುಟದ ನೋಟ್‌ಬುಕ್. ಉತ್ತರ ತಡವಾಗಿ ಹೊಟ್ಟೆಯಲ್ಲಿ ಕಲ್ಲು ಕೂತಾಗಲೆಲ್ಲ ಮೂರು ವಿಷಯ ಬರೆಯುವುದು: ಕಣ್ಣಿಗೆ ಕಂಡದ್ದು ಏನು, ಮನಸ್ಸು ಹೇಳಿದ್ದು ಏನು, ಆಮೇಲೆ ಗೊತ್ತಾದದ್ದು ಏನು. ಮೂರನೆಯದನ್ನು ತುಂಬಲು ಅವಳನ್ನು ವಿಚಾರಣೆ ಮಾಡಬಾರದು, ಮಾತಿನ ನಡುವೆ ತಾನಾಗಿ ಬಂದರೆ ಬರೆಯಬೇಕು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಐದು ವಾರದಲ್ಲಿ 23 ಸಲ ಬರೆದೆ. ಹನ್ನೊಂದು ಸಲ ಫೋನು ಅವಳ ಹತ್ತಿರ ಇರಲಿಲ್ಲ. ಐದು ಸಲ ನೆಟ್‌ವರ್ಕ್ ಇಲ್ಲ, ಇಲ್ಲವೇ ಕರೆಂಟ್ ಇಲ್ಲ. ಆರು ಸಲ ಓದಿ ಆಮೇಲೆ ಬರೆಯೋಣ ಎಂದು ಇಟ್ಟಿದ್ದಳು. ಒಂದೇ ಒಂದು ಸಲ ಅವಳಿಗೆ ನನ್ನ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು. ಅದನ್ನು ಅವಳೇ ಮರುದಿನ ಬೆಳಿಗ್ಗೆ ಹೇಳಿದಳು, ಕೇಳುವ ಅಗತ್ಯವೇ ಬೀಳಲಿಲ್ಲ.

ಲೆಕ್ಕಕ್ಕಿಂತ ಹೆಚ್ಚು ನನ್ನ ಕಣ್ಣು ತೆರೆಸಿದ್ದು ನಡುವಿನ ಸಾಲು. ಕಾರಣಗಳು ನಾಲ್ಕು ಬಗೆ, ಸಂದರ್ಭ 23. ಆದರೆ ಮನಸ್ಸು ಹೇಳಿದ್ದು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ವಾಕ್ಯ: ‘ನಾನು ಅವಳಿಗೆ ಬೇಡವಾದೆ.’ ಅವಳ ಕಡೆಯಿಂದ ಬರುವ ಸುದ್ದಿಯಾಗಿದ್ದರೆ ಅದು ದಿನಕ್ಕೊಂದು ಥರ ಇರಬೇಕಿತ್ತು. ಪುಟ ತಿರುಗಿಸಿದಲ್ಲೆಲ್ಲ ಅದೇ ಕೈಬರಹದಲ್ಲಿ ಅದೇ ವಾಕ್ಯ ಇದ್ದದ್ದನ್ನು ನೋಡಿದಾಗ, ಇದು ಅಮ್ಮತ್ತಿಯಿಂದ ಬಂದದ್ದಲ್ಲ, ಹೊರಡುವಾಗಲೇ ನನ್ನ ಜೇಬಿನಲ್ಲಿತ್ತು ಎಂದು ತಿಳಿಯಿತು.

ಇಬ್ಬರೂ ಸೇರಿ ಉಳಿಸಿಕೊಂಡ ಪದ್ಧತಿ ಎರಡೇ. ತೋಟಕ್ಕೆ ಇಳಿಯುವ ಮೊದಲು ಅವಳು ‘ನೀರಿಗೆ ಹೋದೆ’ ಎಂದು ಹಾಕುತ್ತಾಳೆ. ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳುವುದಿಲ್ಲ, ಹೇಳಿದರೆ ಅದೂ ಗಡುವಾಗುತ್ತದೆ. ಉದ್ದದ ಮೆಸೇಜ್ ಓದಿದರೆ ‘ನೋಡಿದೆ, ಕೂತು ಬರೀತೇನೆ’ ಎನ್ನುತ್ತಾಳೆ. ಎರಡು ಸೆಕೆಂಡಿನ ಕೆಲಸ, ಅವಳಿಗೆ ಭಾರವಿಲ್ಲ. ನನಗೆ ಮಾತ್ರ ಅದು ಖಾಲಿ ಬಿದ್ದಿದ್ದ ಜಾಗದಲ್ಲಿ ಅವಳ ದನಿ ಕೂತ ಹಾಗೆ. ಆ ಖಾಲಿ ಜಾಗದಲ್ಲೇ ಅಲ್ಲವೇ ನಾನು ನನ್ನ ವಾಕ್ಯ ಬರೆಯುತ್ತಿದ್ದದ್ದು.

ನನ್ನ ಪಾಲಿನದು ಉತ್ತರ ಬಂದ ನಿಮಿಷದ ಕೆಲಸ. ಬಂದ ಕೂಡಲೇ ತೆರೆಯಬೇಕು. ಲೆಕ್ಕ ಹಾಕಿ ತಡ ಮಾಡಬಾರದು. ನೋವಾಗಿದ್ದರೆ ‘ಕಾಯುವಾಗ ಹೆದರಿಕೆ ಆಯ್ತು’ ಎಂದು ನೇರ ಹೇಳಬೇಕು, ‘ನಿನಗೆ ಪುರುಸೊತ್ತೆಲ್ಲಿ’ ಎಂದು ಚುಚ್ಚಬಾರದು. ಇದು ನೋಟ್‌ಬುಕ್ಕಿಗಿಂತ ಕಷ್ಟ. ಮೊದಲ ಸಲ ಆ ಮಾತನ್ನು ಟೈಪ್ ಮಾಡಿ ಮೂರು ಸಲ ಅಳಿಸಿದೆ. ಹೆದರಿಕೆ ಎಂಬ ಪದ ಬರೆಯುವುದಕ್ಕಿಂತ ಮುನಿಸಿಕೊಂಡು ‘ಸರಿ’ ಎನ್ನುವುದು ಗಂಡಸಿಗೆ ಸುಲಭ ಎಂದು ಅವತ್ತು ಗೊತ್ತಾಯಿತು. ಕೊನೆಗೆ ಕಳಿಸಿದೆ. ಅವಳು ಬರೆಯಲಿಲ್ಲ, ಫೋನ್ ಮಾಡಿದಳು. ‘ಎಂಥಕ್ಕೆ ಹೆದರಿಕೆ? ನಾನು ಇಲ್ಲೇ ಉಂಟಲ್ಲ’ ಎಂದಳು. ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು.

ಒಂದು ಎಚ್ಚರಿಕೆಯನ್ನೂ ಬರೆಯಲೇಬೇಕು, ಏಕೆಂದರೆ ಎಲ್ಲ ತಡವೂ ಪೈಪಿನದ್ದಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು, ಪ್ರೀತಿಸಿದ ಹುಡುಗನ ಉತ್ತರ ತಡವಾದಾಗಲೆಲ್ಲ, ಸುಮಾರು ಒಂದು ವರ್ಷ ತನ್ನದೇ ಆತಂಕ ಎಂದು ತನ್ನನ್ನೇ ಬೈದುಕೊಂಡರು. ಆ ಹುಡುಗ ಬೇರೆ ಯಾವುದಕ್ಕೂ ತಡ ಮಾಡುತ್ತಿರಲಿಲ್ಲ, ತನಗೆ ದುಡ್ಡು ಬೇಕಾದಾಗಲಂತೂ ನಿಮಿಷಕ್ಕೊಂದು ಮೆಸೇಜ್. ಮನೆಯವರಿಗೆ ಯಾವಾಗ ಹೇಳುತ್ತೀಯಾ ಎಂದು ಕೇಳಿದರೆ ಮಾತ್ರ ಎರಡು ದಿನ ಸುದ್ದಿಯಿಲ್ಲ. ಎದುರಿಗೆ ಸಿಕ್ಕಾಗ ಕೇಳಿದರೂ ಮಾತು ಬೇರೆ ಕಡೆ ತಿರುಗುತ್ತಿತ್ತು. ಅದು ಬರೆಯುವ ಅಭ್ಯಾಸದ ವ್ಯತ್ಯಾಸವಲ್ಲ, ಅದು ಉತ್ತರವೇ. ನಾನು ನೋಡುವುದು ಇದನ್ನು: ತಡ ಹೊತ್ತಿಗೆ ಅಂಟಿಕೊಂಡಿದೆಯೋ, ವಿಷಯಕ್ಕೆ ಅಂಟಿಕೊಂಡಿದೆಯೋ. ನನ್ನವಳ ಮೌನ ನೀರಿನ ಹೊತ್ತು, ಕಾಫಿ ಕೊಯ್ಲಿನ ಹೊತ್ತು, ಕರೆಂಟ್ ಹೋದ ಹೊತ್ತು ನೋಡಿ ಬರುತ್ತಿತ್ತು. ಯಾವ ಕಷ್ಟದ ಪ್ರಶ್ನೆಗೂ ಅವಳು ಎದುರಿಗೆ ಕೂತಾಗ ಉತ್ತರ ಕೊಡದೆ ಇದ್ದದ್ದಿಲ್ಲ. ಒಂದು ರಾತ್ರಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಕೆಲವು ವಾರ ಬೇಕು. ಆತಂಕ ಇರುವವರು ಒಂದೇ ರಾತ್ರಿಯಲ್ಲಿ ತೀರ್ಪು ಬರೆದುಬಿಡುವುದು ಎಷ್ಟು ನಿಜವೋ, ಕೆಲವು ಸಲ ಅವರ ಹೊಟ್ಟೆಯ ಕಲ್ಲು ಸರಿಯಾದದ್ದನ್ನೇ ಹೇಳುತ್ತಿರುತ್ತದೆ ಎನ್ನುವುದೂ ಅಷ್ಟೇ ನಿಜ.

ಈಗ ಮದುವೆಯಾಗಿದೆ. ವಾರದ ದಿನ ನಾನು ಮಡಿಕೇರಿ, ಅವಳು ತೋಟ. ಹೋದ ಜುಲೈನಲ್ಲಿ ಒಂದು ರಾತ್ರಿ ಗಾಳಿ ಮಳೆ ಜೋರಾಗಿತ್ತು. ಒಂಬತ್ತಕ್ಕೆ ‘ಮಲಗಿದ್ಯಾ?’ ಎಂದು ಹಾಕಿದ್ದು ಒಂದೇ ಟಿಕ್‌ನಲ್ಲಿ ನಿಂತಿತು. ಟವರ್ ಬ್ಯಾಟರಿ ಮುಗಿದಿರಬೇಕು ಎಂದು ಗೊತ್ತಿತ್ತು. ಗೊತ್ತಿದ್ದರೂ ಹತ್ತಕ್ಕೆ ನೋಡಿದೆ, ಹನ್ನೊಂದಕ್ಕೆ ನೋಡಿದೆ. ಎರಡನೇ ಮೆಸೇಜ್ ಹಾಕಲಿಲ್ಲ. ಎದ್ದು ಒದ್ದೆ ಕೊಡೆಯನ್ನು ಬಿಡಿಸಿಟ್ಟು, ಪೇಪರ್ ತಿದ್ದುತ್ತಾ ಕೂತೆ.

ಬೆಳಿಗ್ಗೆ 5:40ಕ್ಕೆ ಫೋನು ಸದ್ದು ಮಾಡಿತು. ‘ಕರೆಂಟ್ ಈಗ ಬಂತು. ಗೇಟಿನ ಹತ್ರ ಸಿಲ್ವರ್ ಮರ ಬಿದ್ದಿದೆ. ನೀನು ನಿದ್ದೆ ಮಾಡಿದ್ಯಾ?’

ಕೂಡಲೇ ತೆರೆದು ಬರೆದೆ: ‘ಎರಡು ಗಂಟೆ ಆದ ಮೇಲೆ ಮಾಡಿದೆ. ಸ್ವಲ್ಪ ಹೆದರಿಕೆ ಆಗಿತ್ತು.’

ಎರಡು ಟಿಕ್, ನೀಲಿ, ಆಮೇಲೆ ಅವಳ ಕಾಲ್.